ಗುಂಯ್ ಸದ್ದಿನ ಮೂಲ ಹುಡುಕುವುದು: ಮೂರು ಸೈನ್ ಅಲೆಗಳಿಂದ ಒಂದು ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗದಲ್ಲಿ ನಾನು ಸಿಗ್ನಲ್ಸ್ ಪಾಠ ಮಾಡುವ ತರಗತಿಗೆ ಒಂದು ಟಿಪ್ಪಣಿ ಕೊಡುತ್ತೇನೆ. ಅದರ ಮೊದಲ ಪುಟದಲ್ಲಿ ಮೂರು ಸೈನ್ ಅಲೆಗಳನ್ನು ಕೂಡಿಸಿದ ಒಂದು ಸಿಗ್ನಲ್ ಇದೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಕೇಳುತ್ತಾರೆ: "ಸರ್, ಕೂಡಿಸಿದ್ದನ್ನು ಮತ್ತೆ ಬಿಡಿಸೋದು ಯಾಕೆ?" ಆ ಪ್ರಶ್ನೆಗೆ ಉತ್ತರವಾಗಿ ಈ ಬರಹ. ಆ ಮೂರು ಅಲೆಗಳು ನಾನು ಸುಮ್ನೆ ಆರಿಸಿದ್ದಲ್ಲ. ತೀರ್ಥಹಳ್ಳಿ ಕಡೆಯ ಒಂದು ಭಜನಾ ಮಂದಿರದ ಆಂಪ್ಲಿಫೈಯರ್ ರಿಪೇರಿಯಿಂದ ಬಂದದ್ದು ಅವು.

ದೋಷ ಏನು

ಮಳೆಗಾಲ ಪೂರ್ತಿ ಆಂಪ್ಲಿಫೈಯರ್ ಮಂದಿರದ ಕಪಾಟಿನಲ್ಲೇ ಇತ್ತು. ಭಜನೆ ಶುರು ಮಾಡುವ ಹೊತ್ತಿಗೆ ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಹಾಡು ಇದ್ದರೂ ಇದೆ, ನಿಂತರೂ ಇದೆ. ಮಂಡಳಿಯ ಹಿರಿಯರು ಹೇಳಿದ್ದು ಇಷ್ಟು: "ಮೇಷ್ಟ್ರೇ, ಕೇಬಲ್ ಬದಲಾಯಿಸಿದ್ವಿ, ಮೈಕ್ ಬದಲಾಯಿಸಿದ್ವಿ. ಸ್ವಲ್ಪ ಕಮ್ಮಿ ಆದ ಹಾಗೆ ಅನ್ನಿಸುತ್ತೆ, ಆದರೆ ಹೋಗಲ್ಲ."

"ಕಮ್ಮಿ ಆಗುತ್ತೆ, ಹೋಗಲ್ಲ" ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಒಂದೇ ದೋಷ ಇದ್ದರೆ ಸರಿಯಾದ ಭಾಗ ಬದಲಾಯಿಸಿದ ಕೂಡಲೇ ಸದ್ದು ಹೋಗಬೇಕು. ಅರೆಬರೆ ಕಮ್ಮಿ ಆದರೆ ಎರಡು ದೋಷ ಒಟ್ಟಿಗೆ ಇರಬಹುದು. ಎರಡರ ಸದ್ದೂ ಒಂದೇ ತಂತಿಯಲ್ಲಿ ಕೂಡಿಕೊಂಡು ಬರುತ್ತದೆ. ಕಿವಿಗೆ ಅದು ಒಂದೇ ಸದ್ದು.

ಅಲೆಯ ಆಕಾರ ನೋಡಿ ತೀರ್ಮಾನಿಸಬೇಡಿ

ಹೆಚ್ಚಿನವರು ಮೊದಲು ಮಾಡುವ ಕೆಲಸ ಆಸಿಲೋಸ್ಕೋಪ್ ಹಚ್ಚಿ ಆಕಾರ ನೋಡುವುದು. ಇಲ್ಲೇ ದಾರಿ ತಪ್ಪುವುದು. ಯಾಕೆ ಅಂತ ಟಿಪ್ಪಣಿಯ ಅಲೆಗಳಿಂದಲೇ ನೋಡೋಣ. ಸದ್ಯಕ್ಕೆ ಎರಡು ಅಲೆ ಸಾಕು: 50 ಹರ್ಟ್ಸಿನದು 0.3 ಎತ್ತರ, 100 ಹರ್ಟ್ಸಿನದು 0.5 ಎತ್ತರ.

ಎರಡನ್ನೂ `sin` ಆಗಿಯೇ ಕೂಡಿಸಿದರೆ ಬರುವ ಅಲೆ ಮೇಲಕ್ಕೂ ಕೆಳಕ್ಕೂ ಸಮ. ತುದಿಗಳು ಸುಮಾರು +0.72 ಮತ್ತು −0.72. ಈಗ 100 ಹರ್ಟ್ಸಿನ ಅಲೆಯನ್ನು ಮಾತ್ರ 90 ಡಿಗ್ರಿ ಸರಿಸಿ, ಅಂದರೆ `cos` ಮಾಡಿ. ಎತ್ತರ ಬದಲಾಗಿಲ್ಲ, ಆವರ್ತನವೂ ಬದಲಾಗಿಲ್ಲ. ಆದರೆ ಮೊತ್ತದ ತುದಿಗಳು ಈಗ ಮೇಲೆ +0.52, ಕೆಳಗೆ −0.8. ಮೇಲ್ಭಾಗ ಮೊಟಕಾಗಿ, ಕೆಳಭಾಗ ಚೂಪಾಗಿ ಕಾಣುತ್ತದೆ.

ಈ ಎರಡನೇ ಚಿತ್ರವನ್ನು ತರಗತಿಯಲ್ಲಿ ತೋರಿಸಿದರೆ, ಲ್ಯಾಬಿನಲ್ಲಿ ಪಳಗಿದ ಹುಡುಗರೂ "ಮೇಲ್ಗಡೆ ಕ್ಲಿಪ್ ಆಗ್ತಿದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದು ಹೋಗಿದೆ" ಅನ್ನುತ್ತಾರೆ. ಟ್ರಾನ್ಸಿಸ್ಟರಿಗೆ ಏನೂ ಆಗಿಲ್ಲ. ಒಂದು ಅಲೆಯ ಫೇಸ್ ಸರಿದಿದೆ ಅಷ್ಟೇ.

ನಿಜವಾದ ಸಭಾಂಗಣದಲ್ಲೂ ಹೀಗಾಗುತ್ತದೆ. ಕಟ್ಟಡಕ್ಕೆ ಮೂರು ಫೇಸ್ ವಿದ್ಯುತ್ ಬಂದಿದ್ದರೆ ಒಂದು ಗೋಡೆಯ ಸಾಕೆಟ್ ಒಂದು ಫೇಸಿನಲ್ಲಿ, ಎದುರು ಗೋಡೆಯದು ಇನ್ನೊಂದರಲ್ಲಿ ಇರಬಹುದು. ಮೈಕುಗಳ ಸದ್ದು ಕೂಡಿಸುವ ಮಿಕ್ಸರನ್ನು ಇಲ್ಲಿಂದ ಕಿತ್ತು ಅಲ್ಲಿಗೆ ಹಾಕಿದರೆ ಅದರಿಂದ ಬರುವ 50 ಹರ್ಟ್ಸ್ 120 ಡಿಗ್ರಿ ಸರಿಯುತ್ತದೆ. ಸ್ಕೋಪಿನ ಆಕಾರ ಪೂರ್ತಿ ಬದಲಾಗುತ್ತದೆ, ದೋಷ ಮಾತ್ರ ಹಾಗೇ ಇರುತ್ತದೆ. ಆಕಾರ ಫೇಸಿನ ಮೇಲೆ ನಿಂತಿದೆ. ಯಾವ ಆವರ್ತನ ಎಷ್ಟಿದೆ ಅನ್ನುವುದು ದೋಷದ ಮೇಲೆ ನಿಂತಿದೆ. ನಮಗೆ ಬೇಕಾದ್ದು ಎರಡನೆಯದು.

ಮೂರು ಅಲೆಗಳನ್ನು ಬಿಡಿಸುವುದು

ಟಿಪ್ಪಣಿಯ ಪೂರ್ತಿ ಸಿಗ್ನಲ್ ಇದು. ಮೂರನೆಯ ಅಲೆ 277 ಹರ್ಟ್ಸ್, ಹಾರ್ಮೋನಿಯಂನ ಕಪ್ಪು ಒಂದರ ಷಡ್ಜ. ನಮಗೆ ಉಳಿಸಿಕೊಳ್ಳಬೇಕಾದ ಸದ್ದು ಅದೊಂದೇ.

```python
import numpy as np
fs = 8000; N = 8000
t = np.arange(N) / fs
x = (0.3*np.sin(2*np.pi*50*t) + 0.5*np.cos(2*np.pi*100*t)
     + 0.2*np.sin(2*np.pi*277*t))
X = np.abs(np.fft.rfft(x)) * 2 / N
f = np.fft.rfftfreq(N, 1/fs)
for k in np.where(X > 0.05)[0]:
    print(f[k], round(X[k], 2))
```

`rfft` ಸಿಗ್ನಲ್ಲನ್ನು ಆವರ್ತನಗಳಾಗಿ ಬಿಡಿಸುತ್ತದೆ. ಯಾವ ಆವರ್ತನ ಎಷ್ಟಿದೆ ಅನ್ನುವ ಆ ಪಟ್ಟಿಯೇ ಸ್ಪೆಕ್ಟ್ರಮ್. ಓಡಿಸಿದರೆ ಮೂರೇ ಸಾಲು ಬರುತ್ತದೆ: 50ಕ್ಕೆ 0.3, 100ಕ್ಕೆ 0.5, 277ಕ್ಕೆ 0.2. `cos` ಇದ್ದ ಕಡೆ `sin` ಹಾಕಿ ನೋಡಿ, ಉತ್ತರ ಅದೇ. ಮೇಲೆ ಹೇಳಿದ ಫೇಸಿನ ಗೊಂದಲ ಇಲ್ಲಿ ಇಲ್ಲ. `abs` ಅದನ್ನು ಬದಿಗಿಡುತ್ತದೆ.

ಈ ಅಂಕಿಗಳು ದೋಷ ಹುಡುಕುವವರಿಗೆ ಯಾಕೆ ಮುಖ್ಯ? ನಮ್ಮ ಮೇನ್ಸ್ ವಿದ್ಯುತ್ 50 ಹರ್ಟ್ಸ್. ಅದು ತಂತಿಯಿಂದ ನೇರವಾಗಿ ಸಿಗ್ನಲ್ ಒಳಗೆ ನುಸುಳಿದರೆ 50 ಆಗಿಯೇ ನುಸುಳುತ್ತದೆ. ಆಂಪ್ಲಿಫೈಯರಿನ ಪವರ್ ಸಪ್ಲೈ ಒಳಗೆ ನಾಲ್ಕು ಡಯೋಡಿನ ಬ್ರಿಡ್ಜ್ ಇರುತ್ತದೆ. ಅದು ಅಲೆಯ ಕೆಳ ಅರ್ಧವನ್ನು ಮಗುಚಿ ಮೇಲಕ್ಕೆ ತರುತ್ತದೆ. ಹಾಗಾಗಿ ಸೆಕೆಂಡಿಗೆ 50 ಬಾರಿ ಆಗುತ್ತಿದ್ದ ಏರಿಳಿತ 100 ಬಾರಿ ಆಗುತ್ತದೆ. ಸಪ್ಲೈ ಕಡೆಯಿಂದ ಸೋರುವ ಸದ್ದು 100, ಮತ್ತು ಅದರ ಜೊತೆ 200, 300. ಅಂದರೆ 50 ಅಂದರೆ ಹೊರಗಿನ ದಾರಿ, 100 ಅಂದರೆ ಒಳಗಿನ ದಾರಿ. ಇದಕ್ಕೆ ಒಂದು ಅಪವಾದ ಇದೆ, ಮುಂದೆ ಬರುತ್ತದೆ.

ಇದನ್ನು ಕಿವಿಯಿಂದಲೇ ಅಳೆಯಬಹುದಲ್ವಾ ಅಂದರೆ, ಆಗುವುದಿಲ್ಲ. ಮನುಷ್ಯನ ಕಿವಿಗೆ ಕೇಳಿಸಬೇಕಾದರೆ 50 ಹರ್ಟ್ಸಿಗೆ ಸುಮಾರು 44 ಡೆಸಿಬೆಲ್ ಬೇಕು, 100 ಹರ್ಟ್ಸಿಗೆ ಸುಮಾರು 26 ಸಾಕು. ಯಂತ್ರದಲ್ಲಿ 50 ಜಾಸ್ತಿ ಇದ್ದರೂ ಕಿವಿಗೆ 100 ಜೋರಾಗಿ ಕೇಳಬಹುದು. ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್ ಆದರೆ ಇನ್ನೂ ಕಷ್ಟ. ಅದು 50 ಮತ್ತು 100 ಎರಡನ್ನೂ ಸರಿಯಾಗಿ ನುಡಿಸುವುದೇ ಇಲ್ಲ. ನೀವು ಕೇಳುವುದು 200, 300ರ ಮೇಲಿನ ಬಾಲವನ್ನು ಮಾತ್ರ.

ರೆಕಾರ್ಡ್ ಮಾಡುವಾಗ

ಅಳತೆ ಮಾಡುವ ಸಾಧನವೇ ಹೊಸ ದೋಷ ತಂದು ಹಾಕುವ ಜಾಗ ಇದು, ಹಾಗಾಗಿ ನಿಧಾನ.

ಫೋನನ್ನು ಸ್ಪೀಕರ್ ಮುಂದೆ ಹಿಡಿದು ರೆಕಾರ್ಡ್ ಮಾಡಬೇಡಿ. ಹಲವು ಫೋನುಗಳು ಮಾತಿಗೆ ಬೇಡದ ಕೆಳ ಆವರ್ತನಗಳನ್ನು ತಾವೇ ತಗ್ಗಿಸುತ್ತವೆ. ಜೊತೆಗೆ ಸದ್ದಿನ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ಆಗ ಎರಡು ರೆಕಾರ್ಡಿಂಗ್ ಹೋಲಿಸಲು ಬರುವುದಿಲ್ಲ. ಆಂಪ್ಲಿಫೈಯರಿನ ಹಿಂದೆ ಲೈನ್ ಔಟ್ ಅಥವಾ ರೆಕಾರ್ಡಿಂಗ್ ಔಟ್ ಇದ್ದರೆ ಅಲ್ಲಿಂದ ಲ್ಯಾಪ್‌ಟಾಪಿಗೆ ತನ್ನಿ.

ಸ್ಪೀಕರ್ ಟರ್ಮಿನಲ್‌ನಿಂದ ನೇರವಾಗಿ ಲ್ಯಾಪ್‌ಟಾಪಿಗೆ ಯಾವತ್ತೂ ಹಚ್ಚಬೇಡಿ. 8 ಓಮ್ ಸ್ಪೀಕರಿಗೆ 30 ವ್ಯಾಟ್ ಕೊಡುವಾಗ ಅಲ್ಲಿ ಸುಮಾರು 15 ವೋಲ್ಟ್ ಇರುತ್ತದೆ. ಉದ್ದ ತಂತಿ ಎಳೆಯಲು ಇರುವ ಟರ್ಮಿನಲ್‌ಗಳಲ್ಲಿ 70 ಅಥವಾ 100 ವೋಲ್ಟ್ ಬರಬಹುದು. ಸೌಂಡ್ ಕಾರ್ಡ್ ಸುಟ್ಟೇ ಹೋಗುತ್ತದೆ.

ಇನ್ನೊಂದು ಮಾತು. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಚಾರ್ಜರ್ ಹಾಕಿದ್ದರೆ ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎರಡೂ ಅರ್ಥ್ ತಂತಿಯ ಮೂಲಕ ಸುತ್ತು ಹಾಕಿ ಸೇರಿಕೊಳ್ಳುತ್ತವೆ, ಆ ಸುತ್ತಿನಲ್ಲಿ 50 ಹರ್ಟ್ಸ್ ಹರಿಯುತ್ತದೆ. ಮಂದಿರದಲ್ಲಿ ಇಲ್ಲದ ದೋಷವನ್ನು ನೀವೇ ಜೋಡಿಸಿ, ನೀವೇ ಅಳೆದಂತೆ ಆಗುತ್ತದೆ. ಹಾಡು ನಿಲ್ಲಿಸಿ, ವಾಲ್ಯೂಮ್‌ನಂಥ ಎಲ್ಲ ಗುಬ್ಬಿಗಳನ್ನೂ ದಿನವೂ ಇಡುವ ಜಾಗದಲ್ಲೇ ಇಟ್ಟು, ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ.

ಮಂದಿರದ ಆಂಪ್ಲಿಫೈಯರ್, ಹಂತ ಹಂತವಾಗಿ

ಎಲ್ಲ ಜೋಡಿಸಿ ಮಾಡಿದ ಮೊದಲ ರೆಕಾರ್ಡಿಂಗ್‌ನಲ್ಲಿ 50 ಹರ್ಟ್ಸ್ 0.03, 100 ಹರ್ಟ್ಸ್ 0.05 ಸಿಕ್ಕಿತು. ಅದನ್ನೇ ಹತ್ತು ಪಟ್ಟು ಮಾಡಿ ಟಿಪ್ಪಣಿಯಲ್ಲಿ ಬಳಸಿದ್ದೇನೆ. 200 ಮತ್ತು 300ರಲ್ಲೂ ಸಣ್ಣ ಸಣ್ಣ ಮೊನೆಗಳಿದ್ದವು. ಎರಡು ಸಾಲೂ ಇವೆ ಅಂದ ಮೇಲೆ ದೋಷ ಎರಡಿರಬಹುದು ಅನ್ನುವ ಅನುಮಾನಕ್ಕೆ ಬಲ ಬಂತು.

ಆಮೇಲೆ ಮಿಕ್ಸರಿನಿಂದ ಬರುವ ಕೇಬಲ್ ಕಿತ್ತೆವು. ಇನ್‌ಪುಟ್ ಜಾಕನ್ನು ಹಾಗೇ ಬಿಡಬಾರದು. ಬರಿದಾದ ಇನ್‌ಪುಟ್ ಆಂಟೆನಾ ಥರ ಸುತ್ತಲಿನ 50 ಹರ್ಟ್ಸನ್ನು ಎಳೆದುಕೊಳ್ಳುತ್ತದೆ. ಎರಡು ಕಾಲುಗಳನ್ನು ಒಳಗೇ ಬೆಸೆದ ಒಂದು ಖಾಲಿ ಪ್ಲಗ್ ಹಾಕಿ ಶಾರ್ಟ್ ಮಾಡಿ, ಆಮೇಲೆ ರೆಕಾರ್ಡ್ ಮಾಡಿ. ಈಗ 50 ಹರ್ಟ್ಸ್ 0.03ರಿಂದ 0.001ಕ್ಕೆ ಇಳಿದಿತ್ತು. 100 ಹರ್ಟ್ಸ್ 0.05 ಇದ್ದದ್ದು 0.05ರಲ್ಲೇ ಇತ್ತು.

ಈ ಒಂದು ಜೋಡಿ ಅಂಕಿಯಲ್ಲಿ ಹೆಚ್ಚುಕಡಿಮೆ ಎಲ್ಲ ಉತ್ತರವೂ ಇದೆ. 50 ಹರ್ಟ್ಸ್ ಕೇಬಲ್ ದಾರಿಯಲ್ಲಿ ಬರುತ್ತಿತ್ತು, 100 ಹರ್ಟ್ಸಿಗೆ ಕೇಬಲ್ ಸಂಬಂಧವೇ ಇಲ್ಲ. ಮಂಡಳಿಯವರಿಗೆ "ಕಮ್ಮಿ ಆಗುತ್ತೆ, ಹೋಗಲ್ಲ" ಅನ್ನಿಸಿದ್ದೂ ಇದಕ್ಕೇ. ಅವರು ಕೇಬಲ್ ಅದಲುಬದಲು ಮಾಡಿದಾಗ 50ರ ಪಾಲು ಹೆಚ್ಚುಕಮ್ಮಿ ಆಗುತ್ತಿತ್ತು. ಕಿವಿಗೆ ಜೋರಾಗಿ ಕೇಳುವ 100 ಮಾತ್ರ ಕದಲುತ್ತಿರಲಿಲ್ಲ.

ಈಗ ಆ ಅಪವಾದ. ಕೇಬಲ್ ಕಿತ್ತು ಶಾರ್ಟ್ ಪ್ಲಗ್ ಹಾಕಿದ ಮೇಲೂ 50 ಜೋರಾಗಿ ಉಳಿದಿದ್ದರೆ? ಆಗ ಬ್ರಿಡ್ಜಿನ ಒಂದು ಡಯೋಡ್ ತೆರೆದುಕೊಂಡಿದೆಯಾ ನೋಡಬೇಕು. ಒಂದು ಡಯೋಡ್ ಹೋದರೆ ಕೆಳ ಅರ್ಧ ಮಗುಚುವುದು ನಿಲ್ಲುತ್ತದೆ, ಏರಿಳಿತ ಮತ್ತೆ ಸೆಕೆಂಡಿಗೆ 50 ಬಾರಿಗೆ ಇಳಿಯುತ್ತದೆ. ಆಗ ಸಪ್ಲೈ ದೋಷವೇ 50ರಲ್ಲಿ ಕಾಣಿಸುತ್ತದೆ. ಆದ್ದರಿಂದ ಆವರ್ತನ ಒಂದನ್ನೇ ನೋಡಿ ಹೇಳಬೇಡಿ, ಆವರ್ತನ ಮತ್ತು ಕೇಬಲ್ ಕೀಳುವ ಪರೀಕ್ಷೆ ಎರಡೂ ಸೇರಬೇಕು. ನಮ್ಮ ಯಂತ್ರದಲ್ಲಿ 50 ಬಿದ್ದುಹೋಯಿತು, ಹಾಗಾಗಿ ಡಯೋಡುಗಳು ಸರಿ ಇದ್ದವು.

ಮೊದಲು 50ರ ಕಥೆ ಮುಗಿಸೋಣ. ಮಿಕ್ಸರ್ ಸಭಾಂಗಣದ ಒಂದು ತುದಿಯ ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ತುದಿಯದರಲ್ಲಿ ಇತ್ತು. ಎರಡೂ ಅರ್ಥ್ ಆಗಿದ್ದವು. ನಡುವೆ ಆಡಿಯೋ ಕೇಬಲಿನ ಹೊರ ಜಾಲರಿ ಸೇರಿ ಒಂದು ಸುತ್ತು ಆಗಿತ್ತು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎರಡಕ್ಕೂ ವಿದ್ಯುತ್ ಕೊಟ್ಟಾಗ 50 ಹರ್ಟ್ಸ್ ಅಡಗಿತು. ಹಾಗೆ ಕೊಡಲು ಆಗದ ಕಡೆ ನಡುವೆ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವವರು ಇದ್ದಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮೈಕ್ ಹಿಡಿಯುವವರ ಜೀವಕ್ಕೆ ಇರುವ ರಕ್ಷಣೆ ಆ ಪಿನ್.

ನೂರು ಹರ್ಟ್ಸ್ ಮತ್ತು ಕೆಪಾಸಿಟರ್

ಬ್ರಿಡ್ಜಿನ ನಂತರ ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ. ಅಲೆಯ ಎರಡು ತುದಿಗಳ ನಡುವೆ ಯಂತ್ರಕ್ಕೆ ಕರೆಂಟ್ ಕೊಡುವುದು ಅದರ ಕೆಲಸ, ಬೇಸಿಗೆಯಲ್ಲಿ ಕೆರೆ ತೋಟಕ್ಕೆ ನೀರು ಕೊಟ್ಟ ಹಾಗೆ. ಕೆಪಾಸಿಟರ್ ಒಣಗಿ ಸಾಮರ್ಥ್ಯ ಕುಗ್ಗಿದರೆ ಆ ನಡುವಿನ ಹೊತ್ತಿನಲ್ಲಿ ವೋಲ್ಟೇಜ್ ಜಾಸ್ತಿ ಕುಸಿಯುತ್ತದೆ. ಆ ಕುಸಿತ ಸೆಕೆಂಡಿಗೆ 100 ಸಲ.

ಎಷ್ಟು ಕುಸಿಯುತ್ತದೆ ಅನ್ನುವುದಕ್ಕೆ ಅಂದಾಜು ಲೆಕ್ಕ ಇದೆ:

```
V = I / (100 × C)
```

ಯಂತ್ರ 0.5 ಆಂಪಿಯರ್ ಎಳೆಯುತ್ತಿದ್ದು ಕೆಪಾಸಿಟರ್ 4700 ಮೈಕ್ರೋಫ್ಯಾರಡ್ ಇದ್ದರೆ ಏರಿಳಿತ ಸುಮಾರು 1.06 ವೋಲ್ಟ್. ಅದೇ ಕೆಪಾಸಿಟರ್ 1000ಕ್ಕೆ ಇಳಿದರೆ 5 ವೋಲ್ಟ್. ಕೆಪಾಸಿಟರ್ ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ತುಂಬಿಕೊಳ್ಳುತ್ತಲೂ ಇರುವುದರಿಂದ ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಮ್ಮಿ ಬರುತ್ತದೆ. ದೋಷ ಇದೆಯೋ ಇಲ್ಲವೋ ತಿಳಿಯಲು ಇಷ್ಟು ಸಾಕು.

ಸೂತ್ರದಲ್ಲಿ `I` ಮೇಲೆ ಕೂತಿರುವುದನ್ನು ಗಮನಿಸಿ. ಯಂತ್ರ ಜಾಸ್ತಿ ಕರೆಂಟ್ ಎಳೆದಾಗ ಏರಿಳಿತವೂ ಜಾಸ್ತಿ. ಜೋರಾಗಿ ಹಾಡಿದಾಗ ಹಾಡಿನ ಹಿಂದೆಯೇ ಗುಂಯ್ ಏರಿದರೆ ಅದು ಕೆಪಾಸಿಟರಿನ ಗುರುತು. ವಾಲ್ಯೂಮ್ ಗುಬ್ಬಿಯೂ ಒಂದು ಸುಳಿವು ಕೊಡುತ್ತದೆ. ಪೂರ್ತಿ ಸೊನ್ನೆಗೆ ತಿರುಗಿಸಿದರೂ 100 ಉಳಿದಿದ್ದರೆ ಅದು ಗುಬ್ಬಿಯ ನಂತರ, ಅಂದರೆ ಪವರ್ ವಿಭಾಗದಲ್ಲಿ ಸೇರುತ್ತಿದೆ. ಸೊನ್ನೆ ಮಾಡಿದಾಗ ಹೋದರೆ ಗುಬ್ಬಿಗಿಂತ ಮೊದಲಿನ ಪ್ರಿ-ಆಂಪ್ ವಿಭಾಗದ ಸಣ್ಣ ಫಿಲ್ಟರ್ ಕೆಪಾಸಿಟರನ್ನು ಅನುಮಾನಿಸಿ. ಮಂದಿರದ ಯಂತ್ರದಲ್ಲಿ ಸೊನ್ನೆಯಲ್ಲೂ ಉಳಿದಿತ್ತು.

ಕೆಪಾಸಿಟರ್ ಮುಟ್ಟುವ ಮೊದಲು ಪ್ಲಗ್ ಕೀಳಿ, ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬಿಡಿ. ಬಿಚ್ಚಿ ಅಳೆದಾಗ ಮೈಕ್ರೋಫ್ಯಾರಡ್ ಸರಿಯಾಗಿಯೇ ತೋರಿಸಿದರೂ ಕೆಪಾಸಿಟರ್ ಒಳ್ಳೆಯದು ಅಂತ ಅಲ್ಲ. ಒಳಗಿನ ಪ್ರತಿರೋಧ, ಅಂದರೆ ಇಎಸ್‌ಆರ್, ಏರಿರಬಹುದು. ಸಾಮಾನ್ಯ ಮಲ್ಟಿಮೀಟರ್ ಅದನ್ನು ತೋರಿಸುವುದಿಲ್ಲ. ಬದಲಿ ಹಾಕುವಾಗ ವೋಲ್ಟೇಜ್ ರೇಟಿಂಗ್ ಹಳೆಯದಕ್ಕಿಂತ ಕಮ್ಮಿ ಇರಬಾರದು, 105 ಡಿಗ್ರಿ ಬಿಸಿ ತಡೆಯುವಂಥದ್ದು ಸಿಕ್ಕರೆ ಅದನ್ನೇ ತನ್ನಿ.

ಕೆಪಾಸಿಟರ್ ಬದಲಾಯಿಸಿದ ಮೇಲೆ ಮಾಡಿದ ರೆಕಾರ್ಡಿಂಗ್‌ನಲ್ಲಿ 100 ಹರ್ಟ್ಸ್ 0.05ರಿಂದ 0.002ಕ್ಕೆ ಬಂತು.

ಫಿಲ್ಟರ್ ಹಾಕಿ ಮುಗಿಸಬಹುದಿತ್ತಲ್ವಾ?

ಇದು ಲ್ಯಾಬಿನಲ್ಲಿ ಖಂಡಿತ ಬರುವ ಪ್ರಶ್ನೆ. 50 ಹರ್ಟ್ಸಿಗೆ ನಾಚ್ ಫಿಲ್ಟರ್ ಬರೆದು, "ಗುಂಯ್ ಹೋಗಿಲ್ಲ, ಫಿಲ್ಟರ್ ತಪ್ಪಿದೆ" ಅನ್ನುವವರು ತುಂಬಾ. ಫಿಲ್ಟರ್ ಸರಿಯಾಗೇ ಇರುತ್ತದೆ. ಅದು 50 ಅನ್ನು ತೆಗೆದಿದೆ, ಕಿವಿಗೆ ಕೇಳುತ್ತಿರುವುದು 100. ಹಾಗಾದರೆ 120ರ ಕೆಳಗಿನದನ್ನೆಲ್ಲ ಕತ್ತರಿಸೋಣ ಅಂದರೆ 200, 300 ಉಳಿಯುತ್ತವೆ, ಮೃದಂಗದ ಎಡಬದಿಯ ತುಂಬು ಸದ್ದು ಹೋಗುತ್ತದೆ. ಹಳೆಯ ಕ್ಯಾಸೆಟ್ಟಿನ ಹಾಗೆ ಇನ್ನೊಮ್ಮೆ ಹಾಡಿಸಲು ಆಗದ ರೆಕಾರ್ಡಿಂಗ್ ಆದರೆ ಫಿಲ್ಟರ್ ಬಳಸಿ. ಎದುರಿಗೆ ಯಂತ್ರವೇ ಇದ್ದಾಗ ಮೂಲವನ್ನೇ ಸರಿಮಾಡುವುದು ನನ್ನ ಮಟ್ಟಿಗೆ ಒಳ್ಳೆಯದು.

ಸ್ಪೆಕ್ಟ್ರಮ್ಮೇ ದಾರಿ ತಪ್ಪಿಸಿದಾಗ

ಕೆಲವರು ಡೇಟಾ ಕಮ್ಮಿ ಮಾಡಲು `x[::50]` ಅಂತ ಬರೆದು 50ಕ್ಕೆ ಒಂದು ಸ್ಯಾಂಪಲ್ ಉಳಿಸಿಕೊಳ್ಳುತ್ತಾರೆ. ಆಗ ಸ್ಯಾಂಪ್ಲಿಂಗ್ ದರ 8000ದಿಂದ 160ಕ್ಕೆ ಇಳಿಯುತ್ತದೆ. 80ರ ಮೇಲಿನ ಆವರ್ತನಗಳಿಗೆ ಜಾಗ ಇಲ್ಲ. ಆದರೆ ಅವು ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬರುತ್ತವೆ. ನಮ್ಮ 100 ಹರ್ಟ್ಸ್ 60 ಆಗಿ, 277 ಹರ್ಟ್ಸ್ 43 ಆಗಿ ಕಾಣುತ್ತದೆ. ನಮ್ಮ ದೇಶದ ಮೇನ್ಸಿನಲ್ಲಿ 60 ಹರ್ಟ್ಸ್ ಎಲ್ಲಿಂದ ಬರಬೇಕು? ಅಂಥ ಅಂಕಿ ಕಂಡರೆ ಮೊದಲು ನಿಮ್ಮ ಕೋಡ್ ನೋಡಿ. `scipy.signal.decimate` ಬಳಸಿದರೆ ಅದು ಮೊದಲೇ ಮೇಲಿನದನ್ನು ಸೋಸಿ, ಆಮೇಲೆ ಸ್ಯಾಂಪಲ್ ಕಮ್ಮಿ ಮಾಡುತ್ತದೆ. 50 ಪಟ್ಟನ್ನು ಒಂದೇ ಏಟಿಗೆ ಇಳಿಸದೆ, ಎರಡು ಮೂರು ಸಲ ಮಾಡಿ.

ಇನ್ನೊಂದು, ಮೊನೆ ಚೂಪಾಗಿರದೆ ಎರಡೂ ಬದಿಗೆ ಹರಡಿಕೊಂಡು ಕಾಣುವುದು. ಟಿಪ್ಪಣಿಯಲ್ಲಿ ಸರಿಯಾಗಿ 50 ಇದ್ದದ್ದರಿಂದ ಒಂದೇ ಗೆರೆ ಬಂತು. ನಿಜವಾದ ಗ್ರಿಡ್ 49.90ರಿಂದ 50.05ರ ಒಳಗೆ ಇರಬೇಕು ಅನ್ನುವುದು ನಮ್ಮ ದೇಶದ ನಿಯಮ, ಹಾಗಾಗಿ ಅದು ಅತ್ತಿತ್ತ ಆಡುತ್ತಲೇ ಇರುತ್ತದೆ. `np.hanning(N)` ನಿಂದ ಗುಣಿಸಿ ನೋಡಿದರೆ ದೂರಕ್ಕೆ ಹರಡಿದ ಬಾಲ ತಗ್ಗುತ್ತದೆ. ಎತ್ತರ ಅರ್ಧಕ್ಕೆ ಇಳಿಯುತ್ತದೆ, ಅದನ್ನು 2ರಿಂದ ಗುಣಿಸಿಕೊಳ್ಳಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರ್ ಮೇಲೆ ಓಡುತ್ತಿದ್ದರೆ ಈ ಅಲುಗಾಟವೇ ಒಂದು ಒಳ್ಳೆಯ ಪರೀಕ್ಷೆ. ಜನರೇಟರ್ 51.5ರಲ್ಲಿ ಓಡುತ್ತಿದ್ದರೆ ಸಪ್ಲೈ ದೋಷದ ಮೊನೆ 103ಕ್ಕೆ ಸರಿಯುತ್ತದೆ. ಹಾಗೆ ಸರಿದರೆ ಅದು ವಿದ್ಯುತ್ತಿನಿಂದಲೇ ಬಂದ ಸದ್ದು. ಜನರೇಟರ್ ಏನಾದರೂ ಆಗಲಿ, ಮೊನೆ 100ರಲ್ಲೇ ನಿಂತಿದ್ದರೆ ಅದಕ್ಕೂ ಮೇನ್ಸಿಗೂ ಸಂಬಂಧ ಇಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಪರೀಕ್ಷೆ ಮಾಡಬೇಡಿ. ಅದರ ಅಲೆಯಲ್ಲೇ 150, 250, 350 ತುಂಬಿರುತ್ತವೆ, ಯಾವುದು ದೋಷ ಯಾವುದು ಇನ್ವರ್ಟರ್ ಅಂತ ತಿಳಿಯುವುದಿಲ್ಲ.

ಹತ್ತು ಸೆಕೆಂಡಿನ ಸ್ಪೆಕ್ಟ್ರಮ್ ಆ ಹತ್ತು ಸೆಕೆಂಡಿನ ಒಟ್ಟು ಲೆಕ್ಕ ಕೊಡುತ್ತದೆ, ಯಾವ ಕ್ಷಣದಲ್ಲಿ ಏನಾಯಿತು ಅಂತ ಹೇಳುವುದಿಲ್ಲ. ಸಡಿಲ ಪ್ಲಗ್ ಅಲುಗಿದಾಗ ಮಾತ್ರ ಬಂದು ಹೋಗುವ ಗುಂಯ್ ಇದರಲ್ಲಿ ಚಿಕ್ಕ ಮೊನೆಯಾಗಿ ಕಂಡು ಕೈತಪ್ಪಬಹುದು. ಅಂಥದ್ದಕ್ಕೆ ರೆಕಾರ್ಡಿಂಗ್ ಅನ್ನು ಅರ್ಧರ್ಧ ಸೆಕೆಂಡಿನ ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಸ್ಪೆಕ್ಟ್ರಮ್ ತೆಗೆಯಿರಿ. ಅರ್ಧ ಸೆಕೆಂಡಿನ ತುಂಡಿನಲ್ಲಿ ಗೆರೆಗಳ ನಡುವಿನ ಅಂತರ 2 ಹರ್ಟ್ಸ್. 50 ಮತ್ತು 100 ಬೇರೆ ಮಾಡಲು ಅದು ಧಾರಾಳ.

ಇನ್ನು ಮೊನೆ 50ರ ಯಾವ ಗುಣಕದಲ್ಲೂ ಇಲ್ಲದೆ, ಮೈಕ್ ಜಾಗ ಬದಲಿಸಿದಾಗ 900ರಿಂದ 1100ಕ್ಕೆ ಹೀಗೆ ಹಾರಿದರೆ, ಆಂಪ್ಲಿಫೈಯರ್ ಬಿಚ್ಚಲು ಹೋಗಬೇಡಿ. ಅದು ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ ಸುತ್ತುವ ಕೂಗು. ಸ್ಪೀಕರನ್ನು ಮೈಕಿನ ಮುಂದಕ್ಕೆ, ಜನರ ಕಡೆಗೆ ತಿರುಗಿಸಿ ಇಟ್ಟು ಮತ್ತೊಮ್ಮೆ ಅಳೆಯಿರಿ.